ಕಾಗದ ಯಾರ ಕೈಲಿ, ಸರಕು ಯಾರ ಪಾಲಿಗೆ

ಪಣಂಬೂರಿನ ನವಮಂಗಳೂರು ಬಂದರಿನಿಂದ ಇಟಲಿಯ ಟ್ರಿಯೆಸ್ಟ್‌ಗೆ ಇಪ್ಪತ್ತು ಅಡಿಯ ಒಂದು ಕಂಟೇನರ್ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಒಳಗಿರುವುದು ರೋಬಸ್ಟಾ ಚೆರ್ರಿ ಕಾಫಿ. 60 ಕಿಲೋದ 320 ಗೋಣಿಚೀಲ, ಒಟ್ಟು 19,200 ಕಿಲೋ. ಲೆಕ್ಕಕ್ಕೆ ಸುಲಭವಾಗಲೆಂದು ಬೆಲೆ 80,000 ಡಾಲರ್ ಅನ್ನೋಣ. ಕಳಿಸುವವರು ಹಾಸನದ ಕಡೆಯ ಒಬ್ಬ ರಫ್ತುದಾರರು, ಕೊಳ್ಳುವವರು ಟ್ರಿಯೆಸ್ಟ್‌ನ ಒಬ್ಬ ವ್ಯಾಪಾರಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ದುಡ್ಡು ಬರುವ ಮೊದಲೇ ಮಾಲು ಬಿಟ್ಟುಕೊಡಲು ಇವರಿಗೆ ಧೈರ್ಯವಿಲ್ಲ, ಮಾಲಿನ ಖಾತ್ರಿಯಿಲ್ಲದೆ ದುಡ್ಡು ಕಳಿಸಲು ಅವರಿಗೆ ಧೈರ್ಯವಿಲ್ಲ. ಈ ಅಪನಂಬಿಕೆಯನ್ನು ಇಟ್ಟುಕೊಂಡೇ ವ್ಯಾಪಾರ ನಡೆಯುವಂತೆ ಮಾಡುವುದು ಹಡಗು ಕಂಪನಿ ಬರೆದುಕೊಡುವ ಒಂದು ಹಾಳೆ. ಅದರ ಹೆಸರು ಬಿಲ್ ಆಫ್ ಲೇಡಿಂಗ್. ಬಂದರಿನಲ್ಲಿ ಎಲ್ಲರ ಬಾಯಲ್ಲೂ ಅದು ಬರೀ ‘ಬಿಎಲ್’.

ಹೊಸಬರು ಇದನ್ನು ಶಿಪ್ಪಿಂಗ್ ಬಿಲ್ ಜೊತೆ ಗೊಂದಲ ಮಾಡಿಕೊಳ್ಳುವುದುಂಟು. ಶಿಪ್ಪಿಂಗ್ ಬಿಲ್ ಎಂಬುದು ನಮ್ಮ ಕಸ್ಟಮ್ಸ್‌ಗೆ ರಫ್ತುದಾರರು ಸಲ್ಲಿಸುವ ಘೋಷಣೆ, ಅದು ಸರ್ಕಾರದ ಕಡತಕ್ಕೆ. ಬಿಎಲ್ ಹಾಗಲ್ಲ. ಸರಕು ಹಡಗಿಗೇರಿದ ಮೇಲೆ ಹಡಗು ಕಂಪನಿ ಸಹಿ ಹಾಕಿ ಕೊಡುವ ಪತ್ರ ಅದು. ಅದು ಮಾಡುವ ಕೆಲಸ ಮೂರು. ಸರಕು ನಮ್ಮ ಕೈಸೇರಿದೆ ಎಂಬ ರಸೀದಿ, ಅದನ್ನು ಸಾಗಿಸುವ ಕರಾರಿನ ಪುರಾವೆ, ಆ ಸರಕಿನ ಮೇಲಿನ ಹಕ್ಕಿನ ದಾಖಲೆ. ನಮ್ಮ 1930ರ ಸರಕು ಮಾರಾಟ ಕಾಯ್ದೆ ಹಕ್ಕುಪತ್ರಗಳನ್ನು ಹೆಸರಿಸುವಾಗ ಬಿಎಲ್ಲನ್ನೂ ರೈಲ್ವೆ ರಸೀದಿಯನ್ನೂ ಒಂದೇ ಸಾಲಿನಲ್ಲಿ ಹೇಳುತ್ತದೆ. ಹಿಂದೆ ‘ಆರ್‌ಆರ್’ ಹಿಡಿದು ಗೂಡ್ಸ್ ಶೆಡ್ಡಿಗೆ ಹೋಗಿ ಮಾಲು ಬಿಡಿಸಿಕೊಂಡವರಿಗೆ ಮೂರನೆಯ ಕೆಲಸದ ರುಚಿ ಗೊತ್ತಿರುತ್ತದೆ.

ಮೂರು ಕೆಲಸ ಅಂತ ಪಠ್ಯಪುಸ್ತಕ ಹೇಳಿ ಮುಗಿಸುತ್ತದೆ. ವ್ಯಾಜ್ಯ ಹುಟ್ಟುವುದು ಇನ್ನೊಂದು ಕಾರಣಕ್ಕೆ. ಕಾಗದ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಈ ಮೂರರ ಬಲವೂ ಬದಲಾಗುತ್ತ ಹೋಗುತ್ತದೆ. ರಫ್ತುದಾರರ ಕೈಲಿರುವಾಗ ಒಂದು ಅರ್ಥ ಕೊಡುವ ಅದೇ ಹಾಳೆ ಬ್ಯಾಂಕಿನ ಕೈಗೆ ಹೋದಾಗ ಇನ್ನೊಂದು ಅರ್ಥ ಕೊಡುತ್ತದೆ.

ನಮ್ಮ ಕಾಫಿಯ ಬಿಎಲ್ಲನ್ನು ಮುಂದಿಟ್ಟುಕೊಂಡು ನೋಡೋಣ. ಮೇಲೆ ಎಡಗಡೆ ‘ಶಿಪ್ಪರ್’ ಎಂಬ ಚೌಕದಲ್ಲಿ ಹಾಸನದ ರಫ್ತುದಾರರ ಹೆಸರಿದೆ. ಕೆಳಗೆ ‘ಕನ್ಸೈನೀ’. ಇಲ್ಲಿ ಟ್ರಿಯೆಸ್ಟ್‌ನ ವ್ಯಾಪಾರಿಯ ಹೆಸರಿಲ್ಲ, ಬರೀ ‘ಟು ಆರ್ಡರ್’ ಎಂದಿದೆ. ಅಂದರೆ ಶಿಪ್ಪರ್ ಯಾರಿಗೆ ಬರೆದುಕೊಡುತ್ತಾರೋ ಅವರಿಗೆ ಎಂದರ್ಥ. ವ್ಯಾಪಾರಿಯ ಹೆಸರು ಮೂರನೆಯ ಚೌಕದಲ್ಲಿ, ‘ನೋಟಿಫೈ ಪಾರ್ಟಿ’ ಎಂದು ಕೂತಿದೆ. ಹಡಗು ಬಂದಾಗ ಅವರಿಗೆ ಸುದ್ದಿ ಮುಟ್ಟಿಸಿದರೆ ಸಾಕು, ಮಾಲು ಕೊಡಬೇಕೆಂದೇನೂ ಇಲ್ಲ. ಕೆಳಗೆ ಹಡಗಿನ ಹೆಸರು, ಹೊರಡುವ ಮತ್ತು ಇಳಿಸುವ ಬಂದರು, ಕಂಟೇನರ್ ನಂಬರ್, ಸೀಲ್ ನಂಬರ್. ನಡುವೆ ಸರಕಿನ ವಿವರ. ಮೂಲೆಯಲ್ಲಿ ‘ಶಿಪ್ಡ್ ಆನ್ ಬೋರ್ಡ್’ ಎಂಬ ಮುದ್ರೆ, ಅದರೊಳಗೆ ತಾರೀಖು. ಇನ್ನೊಂದು ಮೂಲೆಯಲ್ಲಿ ಮೂಲ ಪ್ರತಿಗಳ ಸಂಖ್ಯೆ: ಮೂರು. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಷರತ್ತುಗಳು. ಅವನ್ನು ಪೂರ್ತಿ ಓದಿದವರನ್ನು ಬಂದರಿನಲ್ಲಿ ಹುಡುಕಿದರೆ ಒಬ್ಬಿಬ್ಬರು ಸಿಗಬಹುದು.

ಸರಕಿನ ವಿವರದ ಚೌಕದಲ್ಲೇ ಮೊದಲ ಜಗಳ ಅಡಗಿದೆ. ಅಲ್ಲಿ ‘1 ಕಂಟೇನರ್, ಸೆಡ್ ಟು ಕಂಟೇನ್ 320 ಬ್ಯಾಗ್ಸ್’ ಎಂದು ಬರೆದಿರುತ್ತದೆ. ಒಳಗೆ 320 ಚೀಲ ಇದೆಯಂತೆ, ನಾವು ಕಂಡಿಲ್ಲ ಅಂತ ಅರ್ಥ. ಹಡಗು ಕಂಪನಿಯ ಮಾತೂ ನಿಜವೇ. ಚೀಲ ತುಂಬಿ, ಬಾಗಿಲು ಮುಚ್ಚಿ, ಸೀಲ್ ಹಾಕಿದವರು ರಫ್ತುದಾರರ ಕಡೆಯವರು. ಕಂಪನಿ ಕಂಡದ್ದು ಬರೀ ಕಬ್ಬಿಣದ ಪೆಟ್ಟಿಗೆಯನ್ನು. ಹಾಗಾಗಿ ಟ್ರಿಯೆಸ್ಟ್‌ನಲ್ಲಿ ಸೀಲ್ ಕೆಡದೆ ಬಾಗಿಲು ತೆರೆದು 310 ಚೀಲ ಸಿಕ್ಕರೆ, ಹತ್ತು ಚೀಲ ಹಡಗಿನಲ್ಲಿ ಕಳೆದವು ಎಂದು ಸಾಧಿಸುವುದು ವ್ಯಾಪಾರಿಗೆ ಬಲು ಕಷ್ಟ. ಸೀಲ್ ನಂಬರ್ ಬಿಎಲ್‌ನಲ್ಲಿರುವ ನಂಬರಿಗೆ ತಾಳೆಯಾಗದಿದ್ದರೆ ಮಾತ್ರ ಕಥೆ ಬೇರೆ. ಆದ್ದರಿಂದ ಪಳಗಿದ ಏಜೆಂಟರು ಬಾಗಿಲು ತೆರೆಯುವ ಮುಂಚೆ ಸೀಲಿನ ಫೋಟೊ ಹಿಡಿದಿಟ್ಟುಕೊಳ್ಳುತ್ತಾರೆ.

ಹಾಗಾದರೆ ‘320 ಬ್ಯಾಗ್ಸ್’ ಎಂಬ ಮಾತಿಗೆ ಬೆಲೆಯೇ ಇಲ್ಲವೇ? ಇದೆ, ಅದೂ ಇನ್ನೊಂದು ಕಡೆಯಿಂದ. ಸರಕು ಹಾಳಾದರೆ ಹಡಗು ಕಂಪನಿ ಕೊಡಬೇಕಾದ ಪರಿಹಾರಕ್ಕೆ ಹೇಗ್-ವಿಸ್ಬಿ ನಿಯಮಗಳು ಮಿತಿ ಹಾಕಿವೆ. ಒಂದು ಪ್ಯಾಕೇಜಿಗೆ 666.67 ಎಸ್‌ಡಿಆರ್ ಅಥವಾ ಕಿಲೋಗೆ 2 ಎಸ್‌ಡಿಆರ್, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ, ಒಂದು ಡಾಲರಿಗಿಂತ ಸ್ವಲ್ಪ ಹೆಚ್ಚು ಬೆಲೆಯದು. ಈಗ ಕಂಟೇನರಿಗೆ ನೀರು ನುಗ್ಗಿ ಅಷ್ಟೂ ಕಾಫಿ ಹಾಳಾಯಿತು ಎಂದುಕೊಳ್ಳಿ. ಬಿಎಲ್‌ನಲ್ಲಿ ‘1 ಕಂಟೇನರ್ ಕಾಫಿ’ ಎಂದಷ್ಟೇ ಇದ್ದರೆ ಇಡೀ ಕಂಟೇನರೇ ಒಂದು ಪ್ಯಾಕೇಜ್. ಪ್ಯಾಕೇಜಿನ ಲೆಕ್ಕ ಏನೂ ಸಾಲದು, ತೂಕದ ಲೆಕ್ಕವೇ ಗತಿ. 19,200 ಕಿಲೋಗೆ 38,400 ಎಸ್‌ಡಿಆರ್, ಅಂದರೆ 50,000 ಡಾಲರಿನ ಆಸುಪಾಸು. 80,000 ಡಾಲರಿನ ಕಾಫಿಗೆ ಅಲ್ಲಿಗೇ ಮಿತಿ. ಅದೇ 320 ಚೀಲ ಎಂದು ಎಣಿಸಿ ಬರೆದಿದ್ದರೆ ಪ್ರತಿ ಚೀಲವೂ ಒಂದು ಪ್ಯಾಕೇಜ್ ಆಗುತ್ತದೆ. ಆಗ ಮಿತಿ 2,13,000 ಎಸ್‌ಡಿಆರ್ ದಾಟುತ್ತದೆ, ಕಾಫಿಯ ಪೂರ್ತಿ ಬೆಲೆ ಅದರೊಳಗೆ ಆರಾಮವಾಗಿ ಕೂರುತ್ತದೆ. ಡ್ರಾಫ್ಟ್ ಬಿಎಲ್ ಇಮೇಲಿನಲ್ಲಿ ಬಂದಾಗ ಹೆಸರಿನ ಸ್ಪೆಲಿಂಗ್ ಮಾತ್ರ ನೋಡಿ ‘ಓಕೆ’ ಅನ್ನುವ ಗುಮಾಸ್ತರು ಕೆಲವೊಮ್ಮೆ ಮೂವತ್ತು ಸಾವಿರ ಡಾಲರಿನ ಪ್ರಶ್ನೆಗೂ ಗೊತ್ತಿಲ್ಲದೆ ‘ಓಕೆ’ ಅಂದುಬಿಟ್ಟಿರುತ್ತಾರೆ.

ರಸೀದಿಯ ಇನ್ನೊಂದು ಮುಖ ಸರಕಿನ ಸ್ಥಿತಿ. ಹಡಗೇರುವಾಗ ಸರಕು ಹೊರನೋಟಕ್ಕೆ ಚೆನ್ನಾಗಿತ್ತು ಎಂದು ಬಿಎಲ್ ಹೇಳಿದರೆ ಅದು ‘ಕ್ಲೀನ್’. ಚೀಲ ಹರಿದಿದೆ, ಪೀಪಾಯಿ ಸೋರುತ್ತಿದೆ ಎಂದು ಷರಾ ಬಿದ್ದರೆ ‘ಕ್ಲಾಸ್ಡ್’. ಎಲ್‌ಸಿ, ಅಂದರೆ ಲೆಟರ್ ಆಫ್ ಕ್ರೆಡಿಟ್ ಮೇಲೆ ನಡೆಯುವ ವ್ಯಾಪಾರದಲ್ಲಿ ಷರಾ ಬಿದ್ದ ಬಿಎಲ್ಲನ್ನು ಬ್ಯಾಂಕು ಮುಟ್ಟುವುದಿಲ್ಲ. ಅಲ್ಲಿಂದ ಆಸೆ ಶುರುವಾಗುತ್ತದೆ. ‘ಷರಾ ಬರೀಬೇಡಿ ಸ್ವಾಮಿ, ಏನಾದರೂ ಆದರೆ ನಾವಿದ್ದೇವೆ’ ಎಂದು ಶಿಪ್ಪರ್ ಒಂದು ನಷ್ಟಭರ್ತಿ ಪತ್ರ ಬರೆದುಕೊಡುತ್ತಾರೆ, ಹಡಗಿನವರು ಕಣ್ಣುಮುಚ್ಚಿ ಕ್ಲೀನ್ ಬಿಎಲ್ ಕೊಡುತ್ತಾರೆ.

ಇದರ ಹಣೆಬರಹ ಏನಾಗುತ್ತದೆ ಎಂಬುದು 1957ರಲ್ಲಿ ಲಂಡನ್ನಿನ ಮೇಲ್ಮನವಿ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಲಂಡನ್ನಿನಿಂದ ಹ್ಯಾಂಬರ್ಗಿಗೆ ನೂರು ಪೀಪಾಯಿ ಕಿತ್ತಳೆರಸ ಹೋಗಬೇಕಿತ್ತು. ಪೀಪಾಯಿಗಳು ಹಳೆಯವು, ಸೋರುತ್ತಿದ್ದವು, ಹಡಗಿನ ಕಡೆಯವರು ಅದನ್ನು ಕಂಡೂ ಇದ್ದರು. ಆದರೂ ಶಿಪ್ಪರ್ ಪತ್ರ ಕೊಟ್ಟರೆಂದು ಕ್ಲೀನ್ ಬಿಎಲ್ ಬರೆದರು. ಹ್ಯಾಂಬರ್ಗಿನಲ್ಲಿ ಹಡಗಿನವರು ನಷ್ಟ ಕಟ್ಟಿಕೊಡಬೇಕಾಯಿತು. ವಾಪಸು ಬಂದು ‘ನಾವಿದ್ದೇವೆ ಅಂದಿರಲ್ಲ, ಕೊಡಿ’ ಎಂದು ಕೇಳಿದಾಗ ಶಿಪ್ಪರ್ ಕೈಯೆತ್ತಿದರು. ಬ್ರೌನ್ ಜೆಂಕಿನ್ಸನ್ ವಿರುದ್ಧ ಪರ್ಸಿ ಡಾಲ್ಟನ್ ಎಂಬ ಆ ಮೊಕದ್ದಮೆಯಲ್ಲಿ ಗೆದ್ದದ್ದು, ವಿಚಿತ್ರವೆಂದರೆ, ಮಾತು ತಪ್ಪಿದ ಶಿಪ್ಪರ್. ಸುಳ್ಳೆಂದು ಗೊತ್ತಿದ್ದೂ ಬರೆದುಕೊಟ್ಟ ರಸೀದಿ ಮೂರನೆಯವರಿಗೆ ಮಾಡಿದ ಮೋಸ, ಮೋಸಕ್ಕೆ ಆಧಾರವಾದ ಪತ್ರವನ್ನು ನ್ಯಾಯಾಲಯ ಜಾರಿ ಮಾಡುವುದಿಲ್ಲ ಎಂದರು ಬಹುಮತದ ನ್ಯಾಯಮೂರ್ತಿಗಳು. ತೀರ್ಪು ಬಂದು ಇಷ್ಟು ವರ್ಷವಾದರೂ ಅಂಥ ಪತ್ರಗಳು ಮಾತ್ರ ಇನ್ನೂ ಓಡಾಡುತ್ತಿವೆ.

ಇದಕ್ಕೂ ನೂರು ವರ್ಷ ಹಿಂದೆ ಕಲ್ಕತ್ತೆಯಲ್ಲಿ ಇನ್ನೂ ದೊಡ್ಡ ಸುಳ್ಳೊಂದು ಬಿಎಲ್ ಏರಿತ್ತು. ಹನ್ನೆರಡು ಬೇಲು ರೇಷ್ಮೆ ಹಡಗಿಗೇರಿದೆ ಎಂದು ಕಪ್ತಾನ ಸಹಿ ಹಾಕಿದ್ದ, ಏರಿಯೇ ಇರಲಿಲ್ಲ. ಆ ಕಾಗದ ನಂಬಿ ಸಾಲ ಕೊಟ್ಟವರು ಹಡಗಿನ ಮಾಲೀಕರ ಮೇಲೆ ದಾವೆ ಹೂಡಿದರು. 1851ರ ಗ್ರಾಂಟ್ ವಿರುದ್ಧ ನಾರ್ವೆ ತೀರ್ಪು ಅವರಿಗೆ ವಿರುದ್ಧವಾಯಿತು. ಏರದ ಸರಕಿಗೆ ಸಹಿ ಹಾಕುವ ಅಧಿಕಾರವೇ ಕಪ್ತಾನನಿಗಿಲ್ಲ, ಆದ್ದರಿಂದ ಮಾಲೀಕರು ಹೊಣೆಯಲ್ಲ ಎಂಬ ವಾದ ಗೆದ್ದಿತು. ಕಪ್ತಾನನ ಸಹಿ ಬಿಟ್ಟರೆ ನಂಬಲು ಬೇರೇನೂ ಇಲ್ಲದೆ ಸಾಲ ಕೊಟ್ಟವರಿಗೆ ಇದು ಎಂಥ ನ್ಯಾಯ? ವರ್ತಕರು ಈ ತೀರ್ಪನ್ನು ಬೈಯುತ್ತಲೇ ಬಂದರು. ಬ್ರಿಟನ್ ಅದರ ಹಲ್ಲು ಕಿತ್ತದ್ದು 1992ರ ಕಾಯ್ದೆಯಲ್ಲಿ.

ಎರಡನೆಯ ಕೆಲಸ ಕರಾರು. ಬಿಎಲ್ಲೇ ಕರಾರು ಅಂತ ಹಲವರು ಭಾವಿಸುತ್ತಾರೆ. ಆದರೆ ಕಾಲಕ್ರಮವನ್ನು ಗಮನಿಸಿ. ರಫ್ತುದಾರರು ಜಾಗ ಬುಕ್ ಮಾಡಿದಾಗ, ಬಾಡಿಗೆ ಒಪ್ಪಿಕೊಂಡಾಗ, ಕಂಟೇನರ್ ತರಿಸಿಕೊಂಡಾಗಲೇ ಕರಾರು ಆಗಿಹೋಗಿದೆ. ಬಿಎಲ್ ಕೈಗೆ ಬರುವುದು ಹಡಗು ಹೊರಟ ಮೇಲೆ. ಹಾಗಾಗಿ ರಫ್ತುದಾರರ ಕೈಯಲ್ಲಿ ಅದು ಕರಾರಿನ ಪುರಾವೆ ಮಾತ್ರ, ಒಳ್ಳೆಯ ಪುರಾವೆ ನಿಜ, ಆದರೆ ಕೊನೆಯ ಮಾತಲ್ಲ.

ಈ ವ್ಯತ್ಯಾಸದ ಬೆಲೆ ಎಷ್ಟೆಂದು ಸ್ಪೇನಿನ ಕಿತ್ತಳೆ ವರ್ತಕರಿಗೆ ಗೊತ್ತಾಯಿತು. 1947ರ ನವೆಂಬರಿನಲ್ಲಿ ಕಾರ್ತಹೇನಾ ಬಂದರಿನಿಂದ ‘ಆರ್ಡೆನ್ಸ್’ ಎಂಬ ಹಡಗಿಗೆ ಅವರು 3,000 ಪೆಟ್ಟಿಗೆ ಮ್ಯಾಂಡರಿನ್ ಕಿತ್ತಳೆ ಏರಿಸಿದರು. ಹಡಗು ನೇರ ಲಂಡನ್ನಿಗೇ ಹೋಗುತ್ತದೆ ಎಂದು ಏಜೆಂಟ್ ಬಾಯಿಮಾತಿನಲ್ಲಿ ಭರವಸೆ ಕೊಟ್ಟಿದ್ದ. ಡಿಸೆಂಬರ್ 1ರಿಂದ ಇಂಗ್ಲೆಂಡಿನಲ್ಲಿ ಆಮದು ಸುಂಕ ಏರುವುದಿತ್ತು, ಆದ್ದರಿಂದ ಆ ಮಾತಿಗೆ ತೂಕವಿತ್ತು. ಹಡಗು ಮೊದಲು ಆಂಟ್ವರ್ಪಿಗೆ ಹೋಯಿತು. ಲಂಡನ್ ಮುಟ್ಟುವಷ್ಟರಲ್ಲಿ ಡಿಸೆಂಬರ್ 4. ಸುಂಕವೂ ಏರಿತ್ತು, ಬೇರೆ ಹಡಗುಗಳ ಕಿತ್ತಳೆ ಬಂದು ದರವೂ ಬಿದ್ದಿತ್ತು. ಬಿಎಲ್‌ನ ಹಿಂಬದಿಯಲ್ಲಿ ಹಡಗು ಯಾವ ದಾರಿಯಲ್ಲಾದರೂ ಹೋಗಬಹುದು ಎಂಬ ಷರತ್ತಿತ್ತು. ಹಡಗಿನವರು ಅದನ್ನೇ ಮುಂದಿಟ್ಟರು. ನ್ಯಾಯಮೂರ್ತಿ ಲಾರ್ಡ್ ಗೊಡಾರ್ಡ್ ಒಪ್ಪಲಿಲ್ಲ. ಬಿಎಲ್ ಬರುವ ಮುಂಚೆಯೇ ಕರಾರು ಆಗಿತ್ತು, ಆ ಬಾಯಿಮಾತೂ ಅದರ ಭಾಗ, ಮುದ್ರಿತ ಷರತ್ತು ಅದನ್ನು ಅಳಿಸಲಾರದು ಎಂದರು. ವರ್ತಕರಿಗೆ ಪರಿಹಾರ ಸಿಕ್ಕಿತು.

ಆದರೆ ಆ ವರ್ತಕರು ಕಿತ್ತಳೆಯನ್ನು ದಾರಿಯಲ್ಲೇ ಬೇರೊಬ್ಬರಿಗೆ ಮಾರಿ ಬಿಎಲ್ ದಾಟಿಸಿದ್ದರೆ? ಹೊಸ ಮಾಲೀಕರಿಗೆ ಏಜೆಂಟನ ಬಾಯಿಮಾತು ಕೇಳಿಸಿರುವುದಿಲ್ಲ, ಅವರು ಕಂಡದ್ದು ಕಾಗದವನ್ನು ಮಾತ್ರ. ಹಾಗಾಗಿ ಅವರ ಕೈಯಲ್ಲಿ ಕಾಗದವೇ ಕರಾರು, ಅದರಲ್ಲಿ ಇರುವುದಷ್ಟೇ ಲೆಕ್ಕ. ಇದು 1888ರ ಲೆಡೂಕ್ ವಿರುದ್ಧ ವಾರ್ಡ್ ಮೊಕದ್ದಮೆಯಲ್ಲೇ ಸ್ಪಷ್ಟವಾಗಿತ್ತು. ಈ ಮಾತಿನಲ್ಲೇ ಇನ್ನೊಂದು ಪ್ರಶ್ನೆ ಸುತ್ತಿಕೊಂಡಿದೆ. ಹಡಗು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡವರು ಹಾಸನದವರು. ಟ್ರಿಯೆಸ್ಟ್‌ನ ವ್ಯಾಪಾರಿ ಆ ಒಪ್ಪಂದಕ್ಕೆ ಸೇರಿದವರೇ ಅಲ್ಲ. ಅವರು ಯಾವ ಹಕ್ಕಿನಿಂದ ಕಂಪನಿಯ ಮೇಲೆ ದಾವೆ ಹೂಡಬೇಕು? ಬ್ರಿಟನ್ ಇದಕ್ಕೆ 1855ರಲ್ಲಿ ಕಾಯ್ದೆ ಮಾಡಿತು, ಮರುವರ್ಷ ಭಾರತಕ್ಕೂ ಅದರದೇ ಅಚ್ಚಿನ ಕಾಯ್ದೆ ಬಂತು. ಬಿಎಲ್ ಮೇಲೆ ಬರೆದುಕೊಟ್ಟು ಸರಕಿನ ಮಾಲೀಕತ್ವ ದಾಟಿಸಿದರೆ ಕರಾರಿನ ಹಕ್ಕೂ ಹೊಣೆಯೂ ಜೊತೆಗೇ ದಾಟುತ್ತವೆ ಎಂಬುದು ಅದರ ತಿರುಳು. ಮೂರೇ ಕಲಮುಗಳ ಆ 1856ರ ಕಾಯ್ದೆ ನಮ್ಮಲ್ಲಿ ಸುಮಾರು 170 ವರ್ಷ ಬಾಳಿತು. 2025ರಲ್ಲಿ ಸಂಸತ್ತು ಅದನ್ನು ರದ್ದುಮಾಡಿ ಹೊಸ ಬಿಎಲ್ ಕಾಯ್ದೆ ತಂದಿದೆ, ತಿರುಳು ಮಾತ್ರ ಅದೇ ಇದೆ.

ಇನ್ನು ಮೂರನೆಯ ಕೆಲಸ. ನನ್ನ ಮಟ್ಟಿಗೆ ಬಿಎಲ್‌ನ ನಿಜವಾದ ಜಾಣ್ಮೆ ಇರುವುದು ಇಲ್ಲಿ. ಸಮುದ್ರದ ಮೇಲಿರುವ ಕಾಫಿಯನ್ನು ಕೈಯಿಂದ ಕೈಗೆ ಕೊಡಲಾಗುವುದಿಲ್ಲ. ಆದ್ದರಿಂದ ವರ್ತಕರು ಕಾಗದವನ್ನು ಕೊಡುವ ರೂಢಿ ಮಾಡಿಕೊಂಡರು, ಹದಿನೆಂಟನೆಯ ಶತಮಾನದ ಕೊನೆಗೆ ಲಿಕ್‌ಬ್ಯಾರೋ ವಿರುದ್ಧ ಮೇಸನ್ ಮೊಕದ್ದಮೆಯಲ್ಲಿ ಇಂಗ್ಲಿಷ್ ನ್ಯಾಯಾಲಯ ಆ ರೂಢಿಗೆ ಕಾನೂನಿನ ಮುದ್ರೆ ಒತ್ತಿತು. 1883ರಲ್ಲಿ ನ್ಯಾಯಮೂರ್ತಿ ಬೊವೆನ್ ಇದನ್ನು ಗೋದಾಮಿನ ಬೀಗದ ಕೈಗೆ ಹೋಲಿಸಿದರು. ಗೋದಾಮು ತೇಲುತ್ತಿರಲಿ, ದಡದಲ್ಲಿರಲಿ, ಕೀಲಿ ಯಾರ ಕೈಲಿದೆಯೋ ಅವರೇ ಬಾಗಿಲು ತೆರೆಯಬೇಕು.

ಹಾಸನದ ರಫ್ತುದಾರರು ಮಾಡುವುದು ಇಷ್ಟು. ಬಿಎಲ್‌ನ ಬೆನ್ನ ಮೇಲೆ ಸಹಿ, ಕಂಪನಿಯ ಮುದ್ರೆ ಹಾಕುತ್ತಾರೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ವಿಮೆಯ ಪತ್ರಗಳ ಜೊತೆ ತಮ್ಮ ಬ್ಯಾಂಕಿಗೆ ಕೊಡುತ್ತಾರೆ. ಬ್ಯಾಂಕು ಕೊರಿಯರ್ ಮೂಲಕ ಇಟಲಿಯ ಬ್ಯಾಂಕಿಗೆ ಕಳಿಸುತ್ತದೆ. ಅಲ್ಲಿ ವ್ಯಾಪಾರಿ ದುಡ್ಡು ಕಟ್ಟಿದರೆ ಕಾಗದ ಸಿಗುತ್ತದೆ. ಕಾಗದವನ್ನು ಹಡಗು ಕಂಪನಿಯ ಕಚೇರಿಗೆ ಒಪ್ಪಿಸಿದರೆ ಡೆಲಿವರಿ ಆರ್ಡರ್ ಸಿಗುತ್ತದೆ, ಅದನ್ನು ಬಂದರಿಗೆ ತೋರಿಸಿದರೆ ಕಂಟೇನರ್ ಸಿಗುತ್ತದೆ. ದುಡ್ಡು ಬರುವವರೆಗೂ ಸರಕು ಬ್ಯಾಂಕಿನ ಹಿಡಿತದಲ್ಲಿರುತ್ತದೆ. ಒಂದು ಎಚ್ಚರಿಕೆ ಬೇಕು: ಬಿಎಲ್ ದಾಟಿಸಿದ ಕೂಡಲೇ ಮಾಲೀಕತ್ವ ತಾನಾಗಿ ದಾಟುವುದಿಲ್ಲ. ದಾಟುವುದು ಸರಕನ್ನು ಬಂದರಿನಲ್ಲಿ ಕೇಳಿ ಪಡೆಯುವ ಹಕ್ಕು. ಮಾಲೀಕತ್ವ ಯಾರದು ಎಂಬುದು ಕೊಡುವವರ ಉದ್ದೇಶಕ್ಕೆ ಬಿಟ್ಟದ್ದು. ಬ್ಯಾಂಕು ಕಾಫಿ ವ್ಯಾಪಾರಕ್ಕಿಳಿಯಲು ಬಿಎಲ್ ಇಟ್ಟುಕೊಳ್ಳುವುದಿಲ್ಲ, ಕೊಟ್ಟ ಸಾಲಕ್ಕೆ ಒತ್ತೆಯಾಗಿ ಇಟ್ಟುಕೊಳ್ಳುತ್ತದೆ.

ಕೀಲಿ ಒಂದೇ ಇದ್ದರೆ ಚಿಂತೆಯಿರಲಿಲ್ಲ. ಹಳೆಯ ಕಾಲದಲ್ಲಿ ಟಪಾಲು ಹೊತ್ತ ಹಡಗು ಮುಳುಗುವ ಭಯವಿತ್ತೆಂದು ಮೂರು ಮೂಲ ಪ್ರತಿ ಬರೆಯುವ ರೂಢಿ ಬಂತು, ಅದು ಇವತ್ತಿಗೂ ಬಿಟ್ಟಿಲ್ಲ. ಒಂದು ಪ್ರತಿಗೆ ಸರಕು ಕೊಟ್ಟರೆ ಉಳಿದವು ರದ್ದು ಎಂದು ಕಾಗದದ ಮೇಲೇ ಇರುತ್ತದೆ. 1878ರಲ್ಲಿ ಜಮೈಕಾದಿಂದ ಲಂಡನ್ನಿಗೆ ಇಪ್ಪತ್ತು ದೊಡ್ಡ ಪೀಪಾಯಿ ಸಕ್ಕರೆ ಬಂತು. ಕಾಟಮ್ ಎಂಬ ವರ್ತಕ ಸಂಸ್ಥೆ ಅದರ ಮೇಲೆ ಬ್ಯಾಂಕಿನಿಂದ ಸಾಲ ಪಡೆದು ‘ಮೊದಲನೆಯದು’ ಎಂದು ಗುರುತಿದ್ದ ಪ್ರತಿಯನ್ನು ಬ್ಯಾಂಕಿಗೆ ಬರೆದುಕೊಟ್ಟಿತು. ಸಕ್ಕರೆ ಲಂಡನ್ನಿನ ಡಾಕ್ ಕಂಪನಿಯ ಗೋದಾಮಿಗೆ ಇಳಿದಾಗ ಅದೇ ಸಂಸ್ಥೆ ‘ಎರಡನೆಯದು’ ತೋರಿಸಿತು. ಡಾಕ್ ಕಂಪನಿಗೆ ಬ್ಯಾಂಕಿನ ಸುಳಿವೇ ಇರಲಿಲ್ಲ, ಸಕ್ಕರೆ ಬಿಟ್ಟುಕೊಟ್ಟಿತು. ಸಾಲ ಕೊಟ್ಟಿದ್ದ ಗ್ಲಿನ್ ಮಿಲ್ಸ್ ಬ್ಯಾಂಕು ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 1882ರಲ್ಲಿ ಸೋತಿತು. ಇನ್ನೊಬ್ಬರ ಹಕ್ಕು ಗೊತ್ತಿಲ್ಲದೆ, ಸದ್ಭಾವನೆಯಿಂದ, ಮೊದಲು ಬಂದ ಮೂಲ ಪ್ರತಿಗೆ ಸರಕು ಕೊಟ್ಟವರು ತಪ್ಪಿತಸ್ಥರಲ್ಲ ಎಂಬುದು ತೀರ್ಮಾನ. ಬ್ಯಾಂಕು ಉಳಿದೆರಡನ್ನೂ ಕೇಳಿ ಇಟ್ಟುಕೊಳ್ಳಬೇಕಿತ್ತು. ಇವತ್ತು ಎಲ್‌ಸಿಗಳಲ್ಲಿ ‘ಫುಲ್ ಸೆಟ್’ ಎಂದು ಖಡಕ್ಕಾಗಿ ಕೇಳುವುದರ ಹಿಂದೆ ಈ ಸಕ್ಕರೆಯ ಕಹಿ ಇದೆ.

ಡಾಕ್ ಕಂಪನಿ ಗೆದ್ದದ್ದು ಕೈಯಲ್ಲೊಂದು ಮೂಲ ಬಿಎಲ್ ಇತ್ತು ಎಂಬ ಕಾರಣಕ್ಕೆ. ಬಿಎಲ್ಲೇ ಇಲ್ಲದೆ ಸರಕು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಿಂಗಪುರದ ಸೈಕಲ್ ಕಥೆಯಿದೆ. ಇಂಗ್ಲೆಂಡಿನ ರ್‍ಯಾಂಬ್ಲರ್ ಸೈಕಲ್ ಕಂಪನಿ ಸಿಂಗಪುರದ ಒಂದು ಅಂಗಡಿಗೆ ಸೈಕಲ್ ಬಿಡಿಭಾಗ ಮಾರಿತು. ಬಿಎಲ್ ‘ಟು ಆರ್ಡರ್’, ಕಾಗದ ಬ್ಯಾಂಕಿನ ಮೂಲಕ ಹೋಯಿತು, ದುಡ್ಡು ಕಟ್ಟಿ ಬಿಡಿಸಿಕೊಳ್ಳಬೇಕಿತ್ತು. ಕೊಳ್ಳುವವರು ಬ್ಯಾಂಕಿಗೆ ಹೋಗಲೇ ಇಲ್ಲ. ಹಡಗು ಕಂಪನಿಯ ಏಜೆಂಟರ ಬಳಿಗೆ ಹೋಗಿ, ಸ್ಜೆ ಹೈ ಟಾಂಗ್ ಎಂಬ ಬ್ಯಾಂಕಿನಿಂದ ಒಂದು ನಷ್ಟಭರ್ತಿ ಪತ್ರ ಕೊಡಿಸಿ, ಮಾಲು ಎತ್ತಿಕೊಂಡು ಹೋದರು. ಏಜೆಂಟರಿಗೆ ಇದೇನು ಹೊಸದಲ್ಲ, ಬಂದರಿನ ದಿನನಿತ್ಯದ ರೂಢಿ. ರ್‍ಯಾಂಬ್ಲರ್‌ಗೆ ದುಡ್ಡು ಬರಲಿಲ್ಲ. ಹಡಗು ಕಂಪನಿ ಬಿಎಲ್‌ನ ಒಂದು ಷರತ್ತನ್ನು ಅಡ್ಡ ಹಿಡಿಯಿತು: ಸರಕು ಹಡಗಿನಿಂದ ಇಳಿದ ಕ್ಷಣಕ್ಕೆ ನಮ್ಮ ಹೊಣೆ ಪೂರ್ತಿ ಮುಗಿಯಿತು. 1959ರಲ್ಲಿ ಪ್ರಿವಿ ಕೌನ್ಸಿಲ್ ಪರವಾಗಿ ತೀರ್ಪು ಬರೆದ ಲಾರ್ಡ್ ಡೆನ್ನಿಂಗ್ ಅದನ್ನು ತಳ್ಳಿಹಾಕಿದರು. ಆ ಷರತ್ತಿಗೆ ಅಷ್ಟು ಅಗಲ ಅರ್ಥ ಕೊಟ್ಟರೆ ದಾರಿಹೋಕನ ಕೈಗೆ ಮಾಲು ಕೊಟ್ಟರೂ, ಸಮುದ್ರಕ್ಕೆ ಎಸೆದರೂ ಕಂಪನಿ ಹೊಣೆಯಲ್ಲ ಎಂದಾಗುತ್ತದೆ ಎಂಬುದು ಅವರ ತರ್ಕ. ಬಿಎಲ್ ತಂದವರಿಗೆ ಮಾತ್ರ ಕೊಡುವುದು ಕರಾರಿನ ಮೂಲ ಉದ್ದೇಶ, ಗೊತ್ತಿದ್ದೂ ಅದನ್ನು ಮುರಿದವರನ್ನು ಯಾವ ಸಣ್ಣಕ್ಷರವೂ ಕಾಯುವುದಿಲ್ಲ.

ಹಾಗಿದ್ದೂ ಈ ರೂಢಿ ಯಾಕೆ ಉಳಿದಿದೆ? ಹಡಗು ಕಾಗದಕ್ಕಿಂತ ಬೇಗ ಬರುತ್ತದೆ ಎಂಬ ಸರಳ ಕಾರಣಕ್ಕೆ. ಕಚ್ಚಾ ತೈಲದ ವ್ಯಾಪಾರದಲ್ಲಿ ಒಂದೇ ಹಡಗಿನ ಎಣ್ಣೆ ದಾರಿಯಲ್ಲೇ ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾಗುತ್ತದೆ. ಬಿಎಲ್ ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ತೆವಳುತ್ತಿರುವಾಗ ಹಡಗು ಬಂದರಿನಲ್ಲಿ ನಿಂತಿರುತ್ತದೆ. ಹಡಗು ಸುಮ್ಮನೆ ನಿಂತ ಪ್ರತಿದಿನಕ್ಕೂ ದಂಡ ಬೀಳುತ್ತದೆ. ಆದ್ದರಿಂದ ‘ಎಲ್‌ಒಐ’ ಎಂದು ಕರೆಯುವ ನಷ್ಟಭರ್ತಿ ಪತ್ರದ ಮೇಲೆ ಎಣ್ಣೆ ಇಳಿಸುವುದೇ ಅಲ್ಲಿನ ಬದುಕು. ಹಡಗು ಮಾಲೀಕರಿಗೆ ಹೊಣೆ ವಿಮೆ ಕೊಡುವ ಪಿ ಅಂಡ್ ಐ ಕ್ಲಬ್ಬುಗಳು ಬಿಎಲ್ ಇಲ್ಲದೆ ಸರಕು ಕೊಟ್ಟದ್ದಕ್ಕೆ ಸಾಮಾನ್ಯವಾಗಿ ವಿಮೆ ಕೊಡುವುದಿಲ್ಲ. ಹಾಗಾಗಿ ಪತ್ರ ಬರೆದುಕೊಟ್ಟವರು ಗಟ್ಟಿಯಿರುವಷ್ಟು ಕಾಲ ಎಲ್ಲ ಸಲೀಸು. 2020ರಲ್ಲಿ ಸಿಂಗಪುರದ ದೈತ್ಯ ತೈಲ ವ್ಯಾಪಾರಿ ಹಿನ್ ಲಿಯಾಂಗ್ ಕುಸಿದಾಗ ಕೈಯಲ್ಲಿ ಬಿಎಲ್ ಇದ್ದ ಬ್ಯಾಂಕುಗಳು ‘ನಮ್ಮ ಎಣ್ಣೆ ಎಲ್ಲಿ?’ ಎಂದು ಹಡಗು ಮಾಲೀಕರ ಮೇಲೆ ತಿರುಗಿಬಿದ್ದವು. ಎಣ್ಣೆ ಯಾವತ್ತೋ ಇಳಿದು ಹೋಗಿತ್ತು. ಎಲ್‌ಒಐ ಕೊಟ್ಟವರು ದಿವಾಳಿ.

ನಮ್ಮ ರಫ್ತುದಾರರಿಗೆ ಇದಕ್ಕಿಂತ ಹತ್ತಿರದ ಅಪಾಯವೊಂದಿದೆ. ಫ್ರೈಟ್ ಫಾರ್ವರ್ಡರ್ ತನ್ನ ಹೆಸರಿನಲ್ಲಿ ಕೊಡುವ ‘ಹೌಸ್ ಬಿಎಲ್’ ಬೇರೆ, ಹಡಗು ಕಂಪನಿ ಫಾರ್ವರ್ಡರ್‌ಗೆ ಕೊಡುವ ‘ಮಾಸ್ಟರ್ ಬಿಎಲ್’ ಬೇರೆ. ಬಂದರಿನಲ್ಲಿ ಕಂಟೇನರ್ ಬಿಡಿಸುವುದು ಮಾಸ್ಟರ್. ಕೊಳ್ಳುವವರೇ ಗೊತ್ತುಮಾಡಿದ, ಹೆಸರೂ ಕೇಳದ ಫಾರ್ವರ್ಡರ್ ಕೊಟ್ಟ ಹೌಸ್ ಬಿಎಲ್ಲನ್ನು ಬೀರುವಿನಲ್ಲಿ ಭದ್ರವಾಗಿಟ್ಟುಕೊಂಡು ರಫ್ತುದಾರರು ದುಡ್ಡಿಗೆ ಕಾಯುತ್ತಿರುತ್ತಾರೆ. ಅತ್ತ ಫಾರ್ವರ್ಡರನ ಆ ಊರಿನ ಏಜೆಂಟ್ ಮಾಸ್ಟರ್ ಒಪ್ಪಿಸಿ ಕಂಟೇನರ್ ಬಿಡಿಸಿ, ಮಾಲನ್ನು ಕೊಳ್ಳುವವರಿಗೆ ಕೊಟ್ಟುಬಿಟ್ಟಿರುತ್ತಾನೆ. ಕಂಟೇನರ್ ನಂಬರನ್ನು ಹಡಗು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ಇದು ಗೊತ್ತಾಗುತ್ತದೆ. ಖಾಲಿ ಕಂಟೇನರ್ ಯಾರ್ಡಿಗೆ ವಾಪಸಾಗಿದೆ ಎಂದು ಅಲ್ಲಿ ಬಂದಿದ್ದರೆ ಒಳಗಿದ್ದ ಮಾಲು ಯಾರದೋ ಗೋದಾಮು ಸೇರಿದೆ ಎಂದೇ ಅರ್ಥ.

ಪರಸ್ಪರ ನಂಬಿಕೆಯಿರುವ ಕಡೆ, ಒಂದೇ ಕಂಪನಿಯ ಎರಡು ಶಾಖೆಗಳ ನಡುವೆ, ಇಷ್ಟೆಲ್ಲ ಗೋಜು ಬೇಕಿಲ್ಲ. ಸೀ ವೇಬಿಲ್ ಎಂಬ ಪತ್ರ ಸಾಕು. ಅದು ರಸೀದಿ, ಕರಾರಿನ ಪುರಾವೆ, ಆದರೆ ಹಕ್ಕುಪತ್ರವಲ್ಲ. ಅದರಲ್ಲಿ ಹೆಸರಿದ್ದವರು ಗುರುತು ತೋರಿಸಿದರೆ ಮಾಲು ಸಿಗುತ್ತದೆ. ‘ಟೆಲೆಕ್ಸ್ ರಿಲೀಸ್’ ಎನ್ನುವುದೂ ಇದೇ ದಾರಿಗೆ ಬರುತ್ತದೆ. ಟೆಲೆಕ್ಸ್ ಯಂತ್ರ ಮೂಲೆ ಸೇರಿ ಎಷ್ಟೋ ಕಾಲವಾಯಿತು, ಹೆಸರು ಉಳಿದಿದೆ. ರಫ್ತುದಾರರು ಮೂರೂ ಮೂಲ ಪ್ರತಿಗಳನ್ನು ಮಂಗಳೂರಿನಲ್ಲೇ ಹಡಗು ಕಂಪನಿಗೆ ಒಪ್ಪಿಸುತ್ತಾರೆ, ಕಂಪನಿ ಟ್ರಿಯೆಸ್ಟ್ ಕಚೇರಿಗೆ ಸಂದೇಶ ಕಳಿಸುತ್ತದೆ. ದುಡ್ಡು ಖಾತೆಗೆ ಬಂದ ಮೇಲೆ ಒಪ್ಪಿಸಿದರೆ ಇದು ಚೊಕ್ಕ ವ್ಯವಸ್ಥೆ. ಬರುವ ಮುಂಚೆ, ಗಿರಾಕಿಯ ಒತ್ತಾಯಕ್ಕೆ ಒಪ್ಪಿಸಿದರೆ ಉಳಿಯುವುದು ವಸೂಲಿ ದಾವೆ ಮಾತ್ರ. ಎಲೆಕ್ಟ್ರಾನಿಕ್ ಬಿಎಲ್ ಬಂದರೆ ಕಾಗದ ತಡವಾಗುವ ರಗಳೆ ಮುಗಿಯುತ್ತದೆ. ಬ್ರಿಟನ್ 2023ರ ಕಾಯ್ದೆಯಲ್ಲಿ ಅದಕ್ಕೆ ಕಾಗದದಷ್ಟೇ ಬಲ ಕೊಟ್ಟಿದೆ, ಆದರೆ ಒಂದು ಷರತ್ತಿನ ಮೇಲೆ. ಒಂದು ಹೊತ್ತಿಗೆ ಒಬ್ಬರ ಹಿಡಿತದಲ್ಲಿ ಮಾತ್ರ ಅದು ಇರುವಂತೆ, ಒಬ್ಬರು ದಾಟಿಸಿದ ಮೇಲೆ ಅವರ ಹಿಡಿತ ಪೂರ್ತಿ ತಪ್ಪುವಂತೆ ವ್ಯವಸ್ಥೆ ಇರಬೇಕು. ಪಿಡಿಎಫ್ ಮಾಡಿ ಇಮೇಲ್ ಕಳಿಸಿದರೆ ಅದು ಎಲೆಕ್ಟ್ರಾನಿಕ್ ಬಿಎಲ್ ಆಗುವುದಿಲ್ಲ.

ಈಗ ನಮ್ಮ ಕಂಟೇನರ್ ಟ್ರಿಯೆಸ್ಟ್ ತಲುಪಿದೆ ಅನ್ನಿ. ವ್ಯಾಪಾರಿ ದುಡ್ಡು ಕಟ್ಟಿ, ಬಿಎಲ್ ಒಪ್ಪಿಸಿ, ಕಾಫಿ ಮನೆಗೆ ತಂದರು. ಹಕ್ಕುಪತ್ರದ ಕೆಲಸ ಅಲ್ಲಿಗೆ ಮುಗಿಯಿತು, ಕರಾರಿನದು ಮುಗಿದಿಲ್ಲ. ಕಂಟೇನರಿನ ಚಾವಣಿಯ ಕೆಳಗಿದ್ದ ಸಾಲಿನ ಚೀಲಗಳಲ್ಲಿ ತೇವದ ಕಲೆ, ಬೂಷ್ಟು ಕಂಡಿತು. ಹೊರಗಿನಿಂದ ಕಾಣದ ಹಾನಿಗೆ ಮೂರು ದಿನದೊಳಗೆ ಬರಹದಲ್ಲಿ ತಿಳಿಸಬೇಕು, ತಪ್ಪಿದರೆ ಮಾಲು ಸರಿಯಾಗೇ ಬಂತೆಂದು ಮೊದಲ ನೋಟಕ್ಕೆ ಹಿಡಿಯುತ್ತಾರೆ. ಕಲೆ ಸಮುದ್ರದ ಉಪ್ಪುನೀರಿನದೋ, ಕಾಫಿಯ ತೇವವೇ ತಣ್ಣಗಿನ ಚಾವಣಿಗೆ ತಾಗಿ ಹನಿಯಾಗಿ ಬಿದ್ದದ್ದೋ ಎಂದು ಸರ್ವೇಯರ್ ಸಿಲ್ವರ್ ನೈಟ್ರೇಟ್ ಹಾಕಿ ನೋಡುತ್ತಾರೆ. ಉಪ್ಪಿದ್ದರೆ ದ್ರಾವಣ ಹಾಲಿನಂತೆ ಬೆಳ್ಳಗಾಗುತ್ತದೆ, ಹಡಗಿನ ಕಡೆಗೆ ಬೊಟ್ಟು ಮಾಡಬಹುದು. ಹನಿಯದಾದರೆ, ತುಂಬುವಾಗ ಒಳಮೈಗೆ ಕ್ರಾಫ್ಟ್ ಕಾಗದ ಸರಿಯಾಗಿ ಹೊದಿಸಿದ್ದಿರಾ ಎಂದು ಪ್ರಶ್ನೆ ಹಾಸನಕ್ಕೆ ತಿರುಗುತ್ತದೆ. ದಾವೆ ಹೂಡಲು ಡೆಲಿವರಿಯಾದ ದಿನದಿಂದ ಒಂದೇ ವರ್ಷ ಅವಕಾಶ, ಮಾತುಕತೆ ನಡೆಯುತ್ತಿತ್ತು ಎಂಬ ಸಬೂಬು ನಡೆಯುವುದಿಲ್ಲ. ಎಲ್ಲಿ ಹೂಡಬೇಕೆಂಬುದು ಹಿಂಬದಿಯ ಆ ಸಣ್ಣಕ್ಷರದಲ್ಲಿದೆ, ಹಲವು ಬಿಎಲ್‌ಗಳಲ್ಲಿ ಅದು ಲಂಡನ್. ಮಲೆನಾಡಿನಲ್ಲಿ ಬೆಳೆದು ಮಂಗಳೂರಿನಲ್ಲಿ ಹಡಗೇರಿದ ಕಾಫಿಗೆ ಇಟಲಿಯ ವ್ಯಾಪಾರಿ ಲಂಡನ್ನಿನಲ್ಲಿ ವಕೀಲರನ್ನು ಹಿಡಿಯಬೇಕಾಗಿ ಬರುವುದು ಹೀಗೆ.